ಐದು ಗಿಡಕ್ಕೆ ಬೇವಿನ ಹಿಂಡಿ, ಐದಕ್ಕೆ ಇಲ್ಲ. ಅರ್ಧ ಕೆಜಿ ಜಾಸ್ತಿ ಬಂದದ್ದು ನಿಜವೋ ಅದೃಷ್ಟವೋ?

ತೋಟದ ಹುಡುಗಿ, ಆಲ್ದೂರು

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ಸ್ಟಾಟಿಸ್ಟಿಕ್ಸ್ ಇದೆ. ಟಿ ಟೆಸ್ಟ್ ಅಂತ ಒಂದು ಸೂತ್ರ ಬೋರ್ಡಿನ ತುಂಬ ಬರೆದರು, ಬರೆದುಕೊಂಡೆ, ಲೆಕ್ಕ ಹಾಕಿದರೆ ಉತ್ತರವೂ ಸರಿ ಬರುತ್ತದೆ, ಆದರೆ ಅದು ಏನು ಹೇಳುತ್ತಿದೆ ಅಂತ ಒಂದು ಚೂರೂ ತಲೆಗೆ ಹೋಗಿಲ್ಲ.

ಅದೇ ಹೊತ್ತಿಗೆ ಮನೆಯಲ್ಲಿ ಒಂದು ವಿಷಯ ಎದ್ದಿದೆ. ಅಪ್ಪ ಹೋದ ಸಲ ಐದು ಅರೇಬಿಕಾ ಗಿಡಗಳ ಬುಡಕ್ಕೆ ಬೇವಿನ ಹಿಂಡಿ ಹಾಕಿ, ಇನ್ನೈದಕ್ಕೆ ಹಾಕದೆ ಬಿಟ್ಟಿದ್ದರು. ಮಿಕ್ಕ ಗೊಬ್ಬರ ಎಲ್ಲದಕ್ಕೂ ಒಂದೇ. ಈ ಕುಯ್ಲಿನಲ್ಲಿ ನಾನೇ ನಿಂತು ಒಂದೊಂದು ಗಿಡದ ಹಣ್ಣನ್ನೂ ಬೇರೆ ಬೇರೆ ತೂಗಿಸಿದೆ. ಎಲ್ಲ ಸುತ್ತಿನ ಕುಯ್ಲೂ ಸೇರಿದೆ. ಸ್ಪ್ರಿಂಗ್ ತಕ್ಕಡಿ, 100 ಗ್ರಾಂಗಿಂತ ಸಣ್ಣದು ಓದಲು ಆಗುವುದಿಲ್ಲ.

ಹಿಂಡಿ ಹಾಕಿದ್ದು: 2.6, 3.1, 1.9, 2.8, 2.2 ಕೆಜಿ
ಹಾಕದ್ದು: 2.1, 1.7, 2.4, 1.5, 2.3 ಕೆಜಿ

ಸರಾಸರಿ 2.52 ಮತ್ತು 2.00. ಅಂದರೆ 520 ಗ್ರಾಂ ಜಾಸ್ತಿ. ಅಪ್ಪ ಆಗಲೇ ಇಡೀ ತೋಟಕ್ಕೆ ಹಿಂಡಿ ಮೂಟೆ ತರಿಸುವ ಮಾತಾಡುತ್ತಿದ್ದಾರೆ. ಇದನ್ನು ನಂಬಬಹುದಾ? ಸೂತ್ರ ಬೇಡ, ಸ್ಪ್ರೆಡ್‌ಶೀಟ್‌ನಲ್ಲಿ ಕಣ್ಣಿಗೆ ಕಾಣುವ ಹಾಗೆ ಏನಾದರೂ ದಾರಿ ಇದ್ದರೆ ಹೇಳಿ.

ಎಕ್ಸೆಲ್ ಗೌಡ, ಹಾಸನ

ಸುಲಭ ಇದೆ. ತೂಕ ಎಷ್ಟು ಚದುರಿದೆ ಅಂತ ಹೇಳುವ `STDEV.S` ಅನ್ನು ಎರಡು ಗುಂಪಿಗೂ ಹಾಕು. ನಾನು ಹಾಕಿ ನೋಡಿದೆ. ಹಿಂಡಿ ಗುಂಪಿಗೆ ಸುಮಾರು 0.48, ಇನ್ನೊಂದಕ್ಕೆ 0.39. ನಿನ್ನ ವ್ಯತ್ಯಾಸ 0.52, ಎರಡಕ್ಕಿಂತ ದೊಡ್ಡದು. ಅಂದಮೇಲೆ ನಿಜ. ಅಪ್ಪನಿಗೆ ಧೈರ್ಯವಾಗಿ ಮೂಟೆ ತರಿಸಲು ಹೇಳು.

ಹಳೇ ಮೇಷ್ಟ್ರು

ಐದೈದು ಗಿಡ ಇಟ್ಟುಕೊಂಡು ಸ್ಟಾಟಿಸ್ಟಿಕ್ಸ್ ಮಾಡುವುದಕ್ಕೆ ಬರುವುದಿಲ್ಲ ತಾಯಿ. ಕನಿಷ್ಠ 30 ಬೇಕು ಅಂತ ನಾವು 34 ವರ್ಷ ಪಾಠ ಮಾಡಿದ್ದೇವೆ. ಮೊದಲು ಇನ್ನಷ್ಟು ಗಿಡ ತೂಗಿ, ಆಮೇಲೆ ಮಾತು.

ಡೈರಿ ಶಿವು, ಚನ್ನರಾಯಪಟ್ಟಣ

ತೂಕದ ವಿಷಯ ಬಂತಲ್ಲ, ನನ್ನದೂ ಒಂದು ಹೇಳಿಬಿಡುತ್ತೇನೆ. ಅದೇ ಹಸು, ಅದೇ ಮೇವು, ಆದರೆ ನಮ್ಮ ಕಡೆಯ ಡೈರಿಯಲ್ಲಿ ಫ್ಯಾಟ್ ಒಂದು ದಿನ 3.8 ತೋರಿಸಿದರೆ ಮಾರನೇ ದಿನ 4.2, ಆಮೇಲೆ 3.6. ಮೆಷಿನ್ ಕೆಟ್ಟಿದೆಯೋ ಇವರೇ ಆಡಿಸುತ್ತಿದ್ದಾರೋ ಗೊತ್ತಾಗುವುದಿಲ್ಲ. ಎಕ್ಸೆಲ್‌ನಲ್ಲಿ ಕಳ್ಳರನ್ನು ಹಿಡಿಯುವ ಸೂತ್ರ ಇದ್ದರೆ ನನಗೂ ಕೊಡಿ.

ಬೇಲೂರಿನವಳು

ಶಿವು ಅಣ್ಣ, ನಿಮ್ಮದು ಬೇರೆಯೇ ಪ್ರಶ್ನೆ, ಆದರೂ ಒಂದು ಮಾತು. ಒಂದೇ ದಿನ, ಒಂದೇ ಕ್ಯಾನಿನ ಹಾಲನ್ನು ಚೆನ್ನಾಗಿ ಕಲಕಿ ಎರಡು ಬಾಟಲಿಗೆ ಹಾಕಿ ಎರಡು ಸಲ ಅಳೆಸಿ. ಹೀಗೆ ಒಂದು ಏಳೆಂಟು ದಿನ ಮಾಡಿ. ಒಂದೇ ಹಾಲಿಗೆ ಎರಡು ಓದಿಗೂ 0.3, 0.4 ವ್ಯತ್ಯಾಸ ಬರುತ್ತಿದ್ದರೆ ತೊಂದರೆ ಅಳತೆಯಲ್ಲಿದೆ. ಎರಡೂ ಓದು ಹತ್ತಿರ ಇದ್ದು ದಿನದಿಂದ ದಿನಕ್ಕೆ ಮಾತ್ರ ಏರಿಳಿದರೆ, ನಿಮ್ಮ ಹಸುವಿನ ಹಾಲೇ ಹಾಗಿದೆ. ಕಳ್ಳತನ ಆಮೇಲಿನ ಮಾತು.

ಈಗ ಆಲ್ದೂರಿನ ಹುಡುಗಿಗೆ. ನಾನು ಕೆಲವು ವರ್ಷ ಹೊಲದ ಪ್ರಯೋಗಗಳ ಲೆಕ್ಕ ನೋಡಿಕೊಳ್ಳುವ ಕೆಲಸ ಮಾಡಿದ್ದೇನೆ. ಹತ್ತು ಸಂಖ್ಯೆ ಸಾಕು, ಕಂಪ್ಯೂಟರ್ ಕೂಡ ಇವತ್ತಿಗೆ ಬೇಡ. ಹತ್ತು ಚೀಟಿ ಮಾಡಿ ಒಂದೊಂದರ ಮೇಲೆ ಒಂದೊಂದು ತೂಕ ಬರೆ. ಹಿಂಡಿ, ಹಿಂಡಿ ಇಲ್ಲ ಅಂತ ಬರೆಯಬೇಡ, ಬರೀ ತೂಕ. ಒಂದು ಸ್ಟೀಲ್ ಡಬ್ಬಿಗೆ ಹಾಕಿ ಚೆನ್ನಾಗಿ ಕುಲುಕು. ಕಣ್ಣು ಮುಚ್ಚಿ ಐದು ಎತ್ತು. ಆ ಐದನ್ನು "ಹಿಂಡಿ ಹಾಕಿದ್ದು" ಅಂತ ಸುಳ್ಳೇ ಅಂದುಕೊಂಡು ಸರಾಸರಿ ತೆಗೆ, ಉಳಿದ ಐದರ ಸರಾಸರಿ ಕಳೆ. ವ್ಯತ್ಯಾಸ ಬರೆದುಕೋ. ಮತ್ತೆ ಎಲ್ಲ ಡಬ್ಬಿಗೆ ಹಾಕಿ ಕುಲುಕು. 20 ಸಲ.

ಯಾಕೆ ಹೀಗೆ ಅಂದರೆ, ಒಂದು ಕ್ಷಣ ಹಿಂಡಿ ಏನೂ ಮಾಡಲೇ ಇಲ್ಲ ಅಂತ ಇಟ್ಟುಕೋ. ಆಗ 3.1 ಕೊಟ್ಟ ಗಿಡ ಹಿಂಡಿ ಇಲ್ಲದಿದ್ದರೂ 3.1 ಕೊಡುತ್ತಿತ್ತು, 1.5 ಕೊಟ್ಟದ್ದು ಹಿಂಡಿ ತಿಂದರೂ 1.5 ತಾನೇ ಕೊಡುತ್ತಿತ್ತು. ಹಿಂಡಿ ಅನ್ನುವುದು ಗಿಡಕ್ಕೆ ಕಟ್ಟಿದ ಒಂದು ಹೆಸರು ಅಷ್ಟೇ. ಹೆಸರನ್ನು ಬೇಕಾದ ಹಾಗೆ ಕಲಸಬಹುದು. ಸುಮ್ನೆ ಕಲಸಿದರೇ 520 ಗ್ರಾಂ ವ್ಯತ್ಯಾಸ ಎಷ್ಟು ಸಲ ಬರುತ್ತದೆ ಅನ್ನುವುದು ನಿನಗೆ ಬೇಕಾದ ಉತ್ತರ.

ಗೌಡ್ರೇ, ನೀವು ಹಿಡಿದ ಅಳತೆಗೋಲು ಬೇರೆಯದು. ಅದಕ್ಕೆ ಆಮೇಲೆ ಬರುತ್ತೇನೆ.

ಮೇಷ್ಟ್ರೇ, 30ರ ಮಾತಿಗೆ ಒಂದು ಕಥೆ. ಈ ಟಿ ಟೆಸ್ಟ್ ಹುಟ್ಟಿದ್ದೇ ಸಣ್ಣ ಲೆಕ್ಕಗಳಿಗಾಗಿ. ವಿಲಿಯಂ ಗಾಸೆಟ್ ಅನ್ನುವವರು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು, 1908ರಲ್ಲಿ "ಸ್ಟೂಡೆಂಟ್" ಅನ್ನುವ ಹೆಸರಿನಲ್ಲಿ ಪ್ರಕಟಿಸಿದರು. ಸೂತ್ರ ಸರಿಯಿದೆಯೇ ಅಂತ ನೋಡಲು ಅವರು ಮಾಡಿದ್ದೇನು ಗೊತ್ತೇ? 3000 ಕೈದಿಗಳ ಎತ್ತರ ಮತ್ತು ಬೆರಳಿನ ಉದ್ದದ ಅಳತೆಗಳನ್ನು ರಟ್ಟಿನ ಚೂರುಗಳ ಮೇಲೆ ಬರೆದು, ಚೆನ್ನಾಗಿ ಕಲಸಿ, ನಾಲ್ಕು ನಾಲ್ಕಾಗಿ ಎತ್ತಿ, 750 ಗುಂಪು ಮಾಡಿ ನೋಡಿದರು. ನಾಲ್ಕು! ನಮ್ಮ ಹುಡುಗಿಯ ಹತ್ತಿರ ಐದಿದೆ.

ಹಳೇ ಮೇಷ್ಟ್ರು

ಚೀಟಿ ಎತ್ತಿದ್ದು ಗೊತ್ತಿರಲಿಲ್ಲ. ಆದರೂ ಸಣ್ಣ ಲೆಕ್ಕದಲ್ಲಿ ಸಣ್ಣ ವ್ಯತ್ಯಾಸ ಹಿಡಿಯುವುದು ಕಷ್ಟ ಅನ್ನುವ ಮಾತಂತೂ ನಿಲ್ಲುತ್ತದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಬೇಲೂರಿನವಳು

ಅದು ನಿಜವೇ ಮೇಷ್ಟ್ರೇ. ತೆಗೆದುಕೊಳ್ಳಬೇಡಿ.

ತೋಟದ ಹುಡುಗಿ, ಆಲ್ದೂರು

ಮಾಡಿದೆ! ಅಜ್ಜಿಯ ಅಡಿಕೆ ಡಬ್ಬಿಯಲ್ಲಿ. ಅಜ್ಜಿ ಇದೇನು ಚೀಟಿ ವ್ಯವಹಾರ ಅಂತ ಎರಡು ಸಲ ಕೇಳಿದರು.

ಮೊದಲ ಸಲ -200 ಬಂತು, ಅಂದರೆ ಸುಳ್ಳು ಹಿಂಡಿ ಗುಂಪೇ ಕಡಿಮೆ. ಆಮೇಲೆ 80, 320, -40, -360, 240, 0, 120... ಹೀಗೆ. 20ರಲ್ಲಿ 520 ಮುಟ್ಟಿದ್ದು ಒಂದೇ ಸಲ, ಅದು 560. ಇನ್ನೊಂದು ಸಲ -480ರವರೆಗೆ ಹೋಯಿತು. ನನಗೆ ಆಶ್ಚರ್ಯ ಆದದ್ದು ಬೇರೆ. ಏನೂ ಇಲ್ಲದೆ ಸುಮ್ನೆ ಕಲಸಿದರೂ 200, 300 ಗ್ರಾಂ ವ್ಯತ್ಯಾಸ ಎಷ್ಟು ಆರಾಮಾಗಿ ಬರುತ್ತದೆ! ಅಪ್ಪನಿಗೆ 300 ಗ್ರಾಂ ಜಾಸ್ತಿ ಬಂದಿದ್ದರೂ ಅವರು ಹೀಗೇ ಕುಣಿಯುತ್ತಿದ್ದರು.

ಮತ್ತೆ ಇನ್ನೊಂದು, ಎಲ್ಲ ಉತ್ತರವೂ 40ರ ಮಗ್ಗಿಯಲ್ಲಿ ಬರುತ್ತಿದೆ. ತಪ್ಪು ಮಾಡುತ್ತಿದ್ದೇನಾ?

ಬೇಲೂರಿನವಳು

ತಪ್ಪಲ್ಲ, ಒಳ್ಳೆಯ ಕಣ್ಣು. ನಿನ್ನ ತಕ್ಕಡಿ 100 ಗ್ರಾಂನ ಮೆಟ್ಟಿಲಲ್ಲಿ ಓದುತ್ತದೆ. ಒಂದು ಗುಂಪಿನ ಮೊತ್ತ 100 ಏರಿದರೆ ಇನ್ನೊಂದರದ್ದು 100 ಇಳಿಯುತ್ತದೆ, ಮೊತ್ತಗಳ ಅಂತರ 200 ಆಯಿತು, ಅದನ್ನು ಐದರಿಂದ ಭಾಗಿಸಿದರೆ 40. ಇದನ್ನು ನೆನಪಿಟ್ಟುಕೋ, ಮುಂದೆ ಕಾಟ ಕೊಡಬಹುದು.

ಈಗ ಸ್ಪ್ರೆಡ್‌ಶೀಟ್. ಡಬ್ಬಿ ಕುಲುಕಿದ್ದಾಯಿತಲ್ಲ, ಅದನ್ನೇ 1000 ಸಲ ಮಾಡಿಸೋಣ. ತೂಕವನ್ನು ಕೆಜಿಯಲ್ಲಿ ಬೇಡ, ಗ್ರಾಂನಲ್ಲಿ ಹಾಕು. `C1` ಇಂದ `L1` ವರೆಗೆ ಹತ್ತು ತೂಕ ಅಡ್ಡಕ್ಕೆ. ಐದನೇ ಸಾಲಿನಿಂದ ಕೆಳಗೆ, `C5` ಇಂದ `L1004` ವರೆಗೆ, ಎಲ್ಲ ಸೆಲ್‌ನಲ್ಲೂ ಇದು:

```
=RAND()
```

ಒಂದೊಂದು ಸಾಲೂ ಒಂದೊಂದು ಸಲ ಡಬ್ಬಿ ಕುಲುಕಿದ ಹಾಗೆ. ಹತ್ತು ಗಿಡಕ್ಕೂ ಒಂದೊಂದು ಲಾಟರಿ ನಂಬರ್ ಬಂತು ಅಂದುಕೋ. ಯಾವ ಐದು ಗಿಡಕ್ಕೆ ದೊಡ್ಡ ನಂಬರ್ ಬಂದಿದೆಯೋ ಅವು ಈ ಸುತ್ತಿನ ಸುಳ್ಳು ಹಿಂಡಿ ಗಿಡಗಳು. ಅವುಗಳ ಮೊತ್ತ `M5` ನಲ್ಲಿ, ಸರಾಸರಿಗಳ ವ್ಯತ್ಯಾಸ `N5` ನಲ್ಲಿ:

```
=SUMPRODUCT((C5:L5>=LARGE(C5:L5,5))*C$1:L$1)
=(2*M5-22600)/5
```

22600 ಅಂದರೆ ಹತ್ತೂ ಗಿಡದ ಒಟ್ಟು ತೂಕ. ಎರಡನ್ನೂ 1004ನೇ ಸಾಲಿನವರೆಗೆ ಎಳೆ. ಆಮೇಲೆ ಎಲ್ಲಾದರೂ ಖಾಲಿ ಜಾಗದಲ್ಲಿ:

```
=COUNTIF(N5:N1004,">=520")
```

`F9` ಒತ್ತಿದರೆ ಇನ್ನೊಂದು 1000 ಸಲ ಕುಲುಕಿದ ಹಾಗೆ. ಗೂಗಲ್ ಶೀಟ್ಸ್ ಆದರೆ ಯಾವುದಾದರೂ ಖಾಲಿ ಸೆಲ್‌ನಲ್ಲಿ ಏನಾದರೂ ಟೈಪ್ ಮಾಡಿದರೂ ಸಾಕು, ಎಲ್ಲ ಹೊಸದಾಗುತ್ತದೆ. ಒಂದು ಫಲಿತಾಂಶ ಹಾಗೇ ಇಟ್ಟುಕೊಳ್ಳಬೇಕು ಅಂದರೆ ಕಾಪಿ ಮಾಡಿ ಬರೀ ಬೆಲೆಗಳನ್ನು ಪೇಸ್ಟ್ ಮಾಡು, ಇಲ್ಲದಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗಿಬಿಡುತ್ತದೆ.

ತೋಟದ ಹುಡುಗಿ, ಆಲ್ದೂರು

57 ಬಂತು. `F9` ಒತ್ತಿದೆ, 49. ಮತ್ತೆ 62. ಮತ್ತೆ 54. ಅಂದರೆ 1000ಕ್ಕೆ ಸುಮಾರು 55, ಅಲ್ವಾ? ಹಿಂಡಿ ಏನೂ ಮಾಡದಿದ್ದರೂ ನೂರಕ್ಕೆ ಐದಾರು ಸಲ ಇಷ್ಟು ವ್ಯತ್ಯಾಸ ಬಂದೇ ಬರುತ್ತದೆ ಅಂತ ಅರ್ಥವಾಯಿತು. `N` ಕಾಲಂನ ಚಾರ್ಟ್ ಹಾಕಿದರೆ ನಡುವೆ ಎತ್ತರ, ಎರಡು ಕಡೆ ಇಳಿಜಾರು, ಥೇಟ್ ನಮ್ಮ ಮನೆ ಹಿಂದಿನ ಗುಡ್ಡ. ನಮ್ಮ 520 ಬಲಗಡೆ ಇಳಿಜಾರಿನ ತುದಿಯ ಹತ್ತಿರ ಇದೆ.

ಎಕ್ಸೆಲ್ ಗೌಡ, ಹಾಸನ

ನಾನೂ ಮಾಡಿದೆ. ನನಗೆ 41, 38, 44, 37. ನಾಲ್ಕು ಸಲವೂ 50ರ ಕೆಳಗೆ. ನೂರಕ್ಕೆ ನಾಲ್ಕೇ ಸಲ. ನಿನ್ನ ಶೀಟ್‌ನಲ್ಲಿ ಏನೋ ತಪ್ಪಿದೆ ನೋಡಿಕೋ ತಂಗಿ.

ತೋಟದ ಹುಡುಗಿ, ಆಲ್ದೂರು

ಮೂರು ಸಲ ನೋಡಿದೆ ಅಣ್ಣ. ಅಕ್ಕ ಬರೆದದ್ದೇ ಇದೆ. ಇನ್ನೂ ಹತ್ತು ಸಲ ಒತ್ತಿದೆ, ಒಂದು ಸಲವೂ 45ರ ಕೆಳಗೆ ಹೋಗಲಿಲ್ಲ. ಲಾಟರಿ ಅಂದಮೇಲೆ ಸ್ವಲ್ಪ ಹೆಚ್ಚು ಕಡಿಮೆ ಸರಿ, ಆದರೆ ನಿಮಗೆ ಯಾವಾಗಲೂ 40, ನನಗೆ ಯಾವಾಗಲೂ 55 ಆಗುವುದು ಹೇಗೆ?

ಹಳೇ ಮೇಷ್ಟ್ರು

ನಿಮ್ಮ ಜಗಳ ನೋಡಿ ನಾನು ಪೆನ್ನು ಕಾಗದ ಹಿಡಿದು ಕುಳಿತೆ. ಹತ್ತು ಗಿಡದಲ್ಲಿ ಐದನ್ನು ಆರಿಸುವ ದಾರಿಗಳು ಒಟ್ಟು 252 ಮಾತ್ರ. ನಿಮ್ಮ ಶೀಟ್‌ನಲ್ಲೂ `=COMBIN(10,5)` ಹಾಕಿ ನೋಡಬಹುದು. ಲಾಟರಿ ಯಾಕೆ, ಎಣಿಸಿಯೇ ಬಿಡಬಹುದಲ್ಲ!

ಹಿಂಡಿ ಗುಂಪು 12600 ಅಥವಾ ಮೇಲೆ ಆಗಬೇಕಾದರೆ ಇನ್ನೊಂದು ಗುಂಪು 10000 ಅಥವಾ ಕೆಳಗೆ ಇರಬೇಕು. ಸಣ್ಣ ತೂಕದ ಕಡೆಯಿಂದ ಎಣಿಸುವುದು ಸುಲಭ. 1500ರ ಗಿಡ ಇಲ್ಲದ ಗುಂಪು ಯಾವುದೂ 10000ದ ಒಳಗೆ ಬರುವುದಿಲ್ಲ, ಅಲ್ಲಿಗೇ ಅರ್ಧ ಕೆಲಸ ಮುಗಿಯಿತು. ಉಳಿದದ್ದು ಕಾಫಿ ಕುಡಿದು ಮುಗಿಸುವಷ್ಟು. ಒಟ್ಟು 14 ಗುಂಪು ಸಿಕ್ಕವು. 252ಕ್ಕೆ 14 ಅಂದರೆ ಹದಿನೆಂಟರಲ್ಲಿ ಒಂದು, 1000ಕ್ಕೆ ಸುಮಾರು 56. ಹುಡುಗಿಯದು ಸರಿ.

ಆದರೆ ಗೌಡನ 40 ಎಲ್ಲಿಂದ ಬಂತು ಅಂತಲೂ ಗೊತ್ತಾಯಿತು. ಆ 14ರಲ್ಲಿ 4 ಗುಂಪುಗಳ ಮೊತ್ತ ಸರಿಯಾಗಿ 10000. ಉದಾಹರಣೆಗೆ 1500, 1700, 1900, 2100, 2800. ಅವನ್ನು ಬಿಟ್ಟರೆ ಉಳಿಯುವುದು 10. 252ಕ್ಕೆ 10 ಅಂದರೆ 1000ಕ್ಕೆ 40. ಏನಪ್ಪಾ ಗೌಡ, ಯಾವ ಚಿಹ್ನೆ ಹಾಕಿದ್ದೀಯ?

ಎಕ್ಸೆಲ್ ಗೌಡ, ಹಾಸನ

`">520"` ಹಾಕಿದ್ದೆ. 520ಕ್ಕಿಂತ ಜಾಸ್ತಿ ಅಂದುಕೊಂಡು. ಸಮ ಚಿಹ್ನೆ ಬಿಟ್ಟುಹೋಗಿದೆ. ಒಂದು ಚಿಹ್ನೆಗೆ ಇಷ್ಟು ವ್ಯತ್ಯಾಸವಾ ಸಾರ್!

ಬೇಲೂರಿನವಳು

ಮೇಷ್ಟ್ರೇ, ಕೈಮುಗಿದೆ. ನಾನು ಎಣಿಸಿರಲಿಲ್ಲ.

ಗೌಡ್ರೇ, ನಮ್ಮ ಪ್ರಶ್ನೆ "ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಸುಮ್ನೆ ಬರುವುದು ಎಷ್ಟು ಸಲ" ಅನ್ನುವುದು. ತೋಟದಲ್ಲಿ ನಿಜವಾಗಿ ಆದ ಹಂಚಿಕೆಯೇ ಆ 252ರಲ್ಲಿ ಒಂದು, ಅದರ ವ್ಯತ್ಯಾಸವೇ 520. ಅದನ್ನೇ ಎಣಿಕೆಯಿಂದ ಹೊರಗಿಟ್ಟರೆ ಹೇಗೆ? ದೊಡ್ಡ ಲೆಕ್ಕದಲ್ಲಿ ಈ ತಪ್ಪು ಗೊತ್ತೇ ಆಗುವುದಿಲ್ಲ, ಸಮ ಬೀಳುವುದೇ ಅಪರೂಪ. ಹತ್ತು ಗಿಡ, 40ರ ಮೆಟ್ಟಿಲು ಇರುವಾಗ ಸಮ ಬೀಳುವುದು ಮಾಮೂಲಿ. ಗ್ರಾಂನಲ್ಲಿ ಹಾಕಿ ಅಂದದ್ದೂ ಇದಕ್ಕೇ. 2.6, 3.1 ಅಂತ ದಶಾಂಶದಲ್ಲಿ ಹಾಕಿ ಕೂಡಿದರೆ ಕಂಪ್ಯೂಟರ್ ಒಳಗೆ ಕೆಲವೊಮ್ಮೆ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆಗುತ್ತದೆ, ಆಗ `>=` ಹಾಕಿದ್ದರೂ ಸಮ ಇರುವ ಗುಂಪು ತಪ್ಪಿಹೋಗಬಹುದು. ಪೂರ್ಣ ಸಂಖ್ಯೆಗೆ ಆ ರೋಗ ಇಲ್ಲ.

ಈಗ ನಿಮ್ಮ ಮೊದಲಿನ ಮಾತು. ನೀವು 0.39, 0.48 ಅಂತ ತೆಗೆದದ್ದು ಒಂದು ಗಿಡಕ್ಕೂ ಇನ್ನೊಂದು ಗಿಡಕ್ಕೂ ಎಷ್ಟು ವ್ಯತ್ಯಾಸ ಅನ್ನುವುದನ್ನು ಹೇಳುತ್ತದೆ. ನಾವು ಹೋಲಿಸುತ್ತಿರುವುದು ಗಿಡಗಳನ್ನಲ್ಲ, ಐದೈದು ಗಿಡದ ಸರಾಸರಿಗಳನ್ನು. ಸರಾಸರಿಗಳ ವ್ಯತ್ಯಾಸ ಸುಮ್ನೆ ಎಷ್ಟು ಏರಿಳಿಯುತ್ತದೆ ಅನ್ನುವುದು ಇವಳ `N` ಕಾಲಂನಲ್ಲೇ ಇದೆ. ಅದಕ್ಕೆ `STDEV.S` ಹಾಕಿ ನೋಡಿ.

ತೋಟದ ಹುಡುಗಿ, ಆಲ್ದೂರು

ಹಾಕಿದೆ, 308. `F9` ಒತ್ತಿದರೆ 314, 311. ಹಾಗಾದರೆ 520 ಅನ್ನುವುದು ಈ 310ಕ್ಕಿಂತ ದೊಡ್ಡದು, ಆದರೆ ಎರಡು ಪಟ್ಟಿಲ್ಲ.

ಅಕ್ಕ, ಒಂದು ಕಿತಾಪತಿ ಮಾಡಿದೆ. ಹತ್ತು ತೂಕವನ್ನೇ ನಾಲ್ಕು ಸಲ ಪಕ್ಕಪಕ್ಕ ಪೇಸ್ಟ್ ಮಾಡಿ 40 ಗಿಡ ಇದ್ದ ಹಾಗೆ ಮಾಡಿ, 20 ಎತ್ತಿ 20 ಬಿಡುವ ಹಾಗೆ ಸೂತ್ರ ಬದಲಿಸಿದೆ. ಸರಾಸರಿಗಳ ವ್ಯತ್ಯಾಸದ ಏರಿಳಿತ 310 ಇದ್ದದ್ದು 150ಕ್ಕೆ ಇಳಿಯಿತು! 1000ದಲ್ಲಿ 520 ಮುಟ್ಟಿದ್ದು ಒಂದೂ ಇಲ್ಲ. ಗಿಡ ನಾಲ್ಕು ಪಟ್ಟಾದರೆ ಏರಿಳಿತ ಅರ್ಧ. ಸೂತ್ರದ ಕೆಳಗೆ ವರ್ಗಮೂಲದ ಒಳಗೆ ಒಂದು ಎನ್ ಕೂತಿರುತ್ತದಲ್ಲ, ಅದು ಇದೇನಾ?

ಬೇಲೂರಿನವಳು

ಅದೇ. ನಾಲ್ಕರ ವರ್ಗಮೂಲ ಎರಡು, ಅದಕ್ಕೇ ಅರ್ಧ. ಒಂಬತ್ತು ಪಟ್ಟು ಮಾಡಿ ನೋಡು, ಮೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ.

ಆದರೆ ಈ ಪೇಸ್ಟ್ ಮಾಡಿದ ಶೀಟ್ ಅಪ್ಪನ ಕಣ್ಣಿಗೆ ಬೀಳದ ಹಾಗೆ ಇಡು. ಅದರಲ್ಲಿ ಗಿಡ ಇರುವುದು ಹತ್ತೇ. ಮೂವತ್ತು ಗಿಡ ಸುಳ್ಳು. ನಗಬೇಡ, ದೊಡ್ಡವರೂ ಇದನ್ನೇ ಬೇರೆ ವೇಷದಲ್ಲಿ ಮಾಡುತ್ತಾರೆ. ಒಂದೇ ಗಿಡವನ್ನು ನಾಲ್ಕು ಸುತ್ತಿನ ಕುಯ್ಲಿನಲ್ಲಿ ತೂಗಿ, ಐದು ಗಿಡಕ್ಕೆ 20 ಅಳತೆ ಇದೆ, ಎನ್ 20 ಅನ್ನುತ್ತಾರೆ. ಅದೂ ಪೇಸ್ಟ್ ಮಾಡಿದ ಹಾಗೇ.

ಎಕ್ಸೆಲ್ ಗೌಡ, ಹಾಸನ

ಸರಿ, ಈಗ ಟಿ ಟೆಸ್ಟನ್ನೂ ಹಾಕಿಬಿಟ್ಟೆ. ಇದಕ್ಕಾದರೂ ತಪ್ಪು ಹುಡುಕಿ ನೋಡೋಣ.

```
=T.TEST(C1:G1,H1:L1,1,2)
=T.TEST(C1:G1,H1:L1,2,2)
```

ಒಂದೇ ಕಡೆ ಎಣಿಸುವ ಮೊದಲನೆಯದು 0.047, ಎರಡೂ ಕಡೆ ಎಣಿಸುವ ಎರಡನೆಯದು 0.095. ಮೊದಲನೆಯದು ಎಲ್ಲರೂ ಹಿಡಿಯುವ ಗೆರೆ 0.05ಕ್ಕಿಂತ ಕಡಿಮೆ, ಅಂದರೆ ಪಾಸ್. ಹಿಂಡಿ ಗೆದ್ದಿತು.

ಹಳೇ ಮೇಷ್ಟ್ರು

ಮೊದಲನೆಯದನ್ನೇ ಯಾಕೆ ಆರಿಸಿಕೊಂಡೆ? ಪಾಸ್ ಆಯಿತು ಅಂತ ತಾನೇ? ಹಿಂಡಿಯಿಂದ ಫಸಲು ಕಡಿಮೆ ಆಗಿದ್ದರೂ ನೀವು ಗಮನಿಸುತ್ತಿದ್ದಿರಿ ಅಂದಮೇಲೆ ಎರಡೂ ಕಡೆ ಎಣಿಸಬೇಕು. ನನ್ನ ಪಟ್ಟಿಯಲ್ಲಿ ಎಡಗಡೆಯೂ 14 ಇದೆ, ಒಟ್ಟು 28. 252ಕ್ಕೆ 28 ಅಂದರೆ ಒಂಬತ್ತರಲ್ಲಿ ಒಂದು.

ತೋಟದ ಹುಡುಗಿ, ಆಲ್ದೂರು

ಆದರೆ ಸರ್, ಹಿಂಡಿಯಿಂದ ಫಸಲು ಕಡಿಮೆ ಆಗುತ್ತದೆ ಅಂತ ನಮ್ಮ ಮನೆಯಲ್ಲಿ ಯಾರೂ ಯೋಚನೆ ಕೂಡ ಮಾಡಿರಲಿಲ್ಲ. ಜಾಸ್ತಿ ಆಗುತ್ತದಾ ಅನ್ನುವುದು ಒಂದೇ ಪ್ರಶ್ನೆ ಇತ್ತು. ಹಾಗಿದ್ದರೂ ಎರಡು ಕಡೆ ಎಣಿಸಬೇಕಾ?

ಬೇಲೂರಿನವಳು

ಇದಕ್ಕೆ ಮೇಷ್ಟ್ರು ಒಂದು ಹೇಳುತ್ತಾರೆ, ನಾನು ಇನ್ನೊಂದು ಹೇಳುತ್ತೇನೆ, ಇಬ್ಬರೂ ಸಂಜೆಯವರೆಗೆ ವಾದ ಮಾಡಬಹುದು. ಫಲಿತಾಂಶ ನೋಡುವ ಮೊದಲೇ ಒಂದೇ ಕಡೆ ಅಂತ ಬರೆದಿಟ್ಟಿದ್ದರೆ ನಾನು ಒಪ್ಪುತ್ತೇನೆ. ಗೌಡರ ಹಾಗೆ ಎರಡೂ ಒತ್ತಿ ನೋಡಿ ಚೆಂದ ಇದ್ದದ್ದನ್ನು ಇಟ್ಟುಕೊಳ್ಳುವುದನ್ನು ಒಪ್ಪುವುದಿಲ್ಲ.

ಗಮನಿಸಿದಿರಾ, ಒಂದೇ ಕಡೆಯ ಲೆಕ್ಕದಲ್ಲಿ ಟಿ ಟೆಸ್ಟ್ 0.047 ಅನ್ನುತ್ತದೆ, ಮೇಷ್ಟ್ರ ಎಣಿಕೆ 0.056. ಒಂದು ಗೆರೆಯ ಈಚೆ, ಒಂದು ಆಚೆ. ಗಿಡ ಅದೇ, ಹಣ್ಣು ಅದೇ. ಸೂತ್ರವು ತೂಕಗಳು ಒಂದು ನಯವಾದ ಗುಡ್ಡದಿಂದ ಬಂದಿವೆ ಅಂತ ಇಟ್ಟುಕೊಂಡು ಲೆಕ್ಕ ಹಾಕುತ್ತದೆ, ಎಣಿಕೆ ಈ ಹತ್ತು ತೂಕ ಬಿಟ್ಟು ಬೇರೇನೂ ನೋಡುವುದಿಲ್ಲ. ಎರಡೂ ಇಷ್ಟು ಹತ್ತಿರ ಬರುತ್ತವೆ ಅನ್ನುವುದೇ ಆ ಸೂತ್ರದ ಗುಟ್ಟು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಡಬ್ಬಿ ಕುಲುಕುವ ಬದಲು ಅದನ್ನು ಬಳಸಬಹುದಿತ್ತು.

ಈಗ ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ. ಹಿಂಡಿ ಹಾಕುವ ಐದು ಗಿಡವನ್ನು ಅಪ್ಪ ಹೇಗೆ ಆರಿಸಿದರು?

ತೋಟದ ಹುಡುಗಿ, ಆಲ್ದೂರು

ಕೇಳಿಕೊಂಡು ಬಂದೆ. ಮೂಟೆ ಹೊರುವುದು ಕಷ್ಟ ಅಂತ ರಸ್ತೆಗೆ ಹತ್ತಿರ ಇರುವ ಕೆಳಗಿನ ಸಾಲಿಗೆ ಹಾಕಿದರಂತೆ. ಹಾಕದ ಐದು ಮೇಲಿನ ಸಾಲಿನಲ್ಲಿವೆ.

ಸಕಲೇಶಪುರ ಬೆಳೆಗಾರ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಈಗ ಬಾಯಿ ಬಿಡಲೇಬೇಕು. ಕೆಳಗಿನ ಸಾಲು ಅಂದರೆ ಮೇಲಿನ ಮಣ್ಣು, ತರಗು ಎಲ್ಲ ಮಳೆಗೆ ಕೊಚ್ಚಿಕೊಂಡು ಬಂದು ನಿಲ್ಲುವ ಜಾಗ. ತೇವ ಜಾಸ್ತಿ ದಿನ ಇರುತ್ತದೆ. ರಸ್ತೆ ಬದಿ ಅಂದರೆ ಬಿಸಿಲೂ ಜಾಸ್ತಿ. ನೆರಳಿನ ಮರದ ರೆಂಬೆ ಕಡಿಯುವ ಮರಗಸಿ ಎರಡು ಕಡೆ ಒಂದೇ ಸಮ ಆಗಿದೆಯಾ? ನಿಮ್ಮ ಎಣಿಕೆಗೆ ಅದೆಲ್ಲ ಗೊತ್ತಾಗುತ್ತದಾ?

ಮತ್ತೆ ಹೋದ ವರ್ಷ ಯಾವ ಸಾಲು ಜೋರಾಗಿ ಬಿಟ್ಟಿತ್ತು ಕೇಳಮ್ಮ. ಅರೇಬಿಕಾ ಒಂದು ವರ್ಷ ಮೈತುಂಬ ಬಿಟ್ಟರೆ ಮಾರನೇ ವರ್ಷ ಸುಸ್ತಾಗಿ ಕೂರುತ್ತದೆ.

ತೋಟದ ಹುಡುಗಿ, ಆಲ್ದೂರು

ಅಯ್ಯೋ. ಹೋದ ವರ್ಷ ಮೇಲಿನ ಸಾಲೇ ಜೋರು ಅಂತೆ. ರೆಂಬೆ ಬಾಗಿಹೋಗಿದ್ದವು ಅಂತ ಅಮ್ಮ ಹೇಳಿದರು. ತೂಗಿಲ್ಲ, ಬರೀ ನೆನಪು.

ಬೇಲೂರಿನವಳು

ಅಲ್ಲಿಗೆ ಕಥೆ ಬದಲಾಯಿತು. ಎಣಿಕೆಗೆ ಅದು ಗೊತ್ತಾಗುವುದಿಲ್ಲ ಬೆಳೆಗಾರರೇ, ನೀವು ಕೇಳಿದ್ದೇ ಸರಿ. ಚೀಟಿ ಕಲಸುವಾಗ ನಾವು ಯಾವ ಗಿಡಕ್ಕೆ ಬೇಕಾದರೂ ಹಿಂಡಿ ಬೀಳಬಹುದಿತ್ತು ಅಂತ ಇಟ್ಟುಕೊಂಡಿದ್ದೆವು. ನಿಜದಲ್ಲಿ ಮೇಲಿನ ಸಾಲಿಗೆ ಹಿಂಡಿ ಬೀಳುವ ಸಾಧ್ಯತೆಯೇ ಇರಲಿಲ್ಲ, ಮೂಟೆ ಭಾರ ಇತ್ತು. ಆದ್ದರಿಂದ ಹದಿನೆಂಟರಲ್ಲಿ ಒಂದು ಅನ್ನುವುದು ಸಾಲುಗಳ ವ್ಯತ್ಯಾಸಕ್ಕೆ ಉತ್ತರ, ಹಿಂಡಿಗೆ ಅಲ್ಲ. ಸಾಲುಗಳು ಬೇರೆ ಇರಬಹುದು. ಅದಕ್ಕೆ ಹಿಂಡಿ, ತೇವ, ಬಿಸಿಲು, ಹೋದ ವರ್ಷದ ಸುಸ್ತು, ಯಾವುದು ಬೇಕಾದರೂ ಕಾರಣ ಇರಬಹುದು. 1000 ಸಲ ಕುಲುಕಿದರೂ, ಹತ್ತು ಲಕ್ಷ ಸಲ ಕುಲುಕಿದರೂ ಅದನ್ನು ಬೇರೆ ಮಾಡಲು ಆಗುವುದಿಲ್ಲ.

ಮುಂದಿನ ಸಲ ಹೀಗೆ ಮಾಡು. ಅಕ್ಕಪಕ್ಕದ, ನೋಡಲು ಒಂದೇ ರೀತಿ ಇರುವ ಗಿಡಗಳನ್ನು ಜೋಡಿ ಮಾಡು. ಎರಡರಲ್ಲಿ ಯಾವುದಕ್ಕೆ ಹಿಂಡಿ ಅನ್ನುವುದನ್ನು ನಾಣ್ಯ ಹಾರಿಸಿ ತೀರ್ಮಾನಿಸು. ಆಮೇಲೆ ಒಂದೊಂದು ಜೋಡಿಗೂ ಹಿಂಡಿ ಗಿಡದ ತೂಕದಿಂದ ಇನ್ನೊಂದರ ತೂಕ ಕಳೆದು ಒಂದು ಸಂಖ್ಯೆ ಬರೆ. ಶೀಟ್‌ನಲ್ಲಿ ಕಲಸುವುದು ಇನ್ನೂ ಸುಲಭ, ಒಂದೊಂದು ಜೋಡಿಗೂ ನಾಣ್ಯ ಹಾರಿಸಿದ ಹಾಗೆ ಪ್ಲಸ್ ಮೈನಸ್ ಬದಲಾಯಿಸಿದರೆ ಆಯಿತು:

```
=IF(RAND()<0.5,1,-1)*B2
```

ಎಷ್ಟು ಜೋಡಿ ಬೇಕು ಅಂತ ಈಗಲೇ ನೋಡಬಹುದು. ಐದು ಜೋಡಿ ಆದರೆ ಪ್ಲಸ್ ಮೈನಸ್ ಹಂಚಿಕೆ 32 ಮಾತ್ರ. ಐದಕ್ಕೆ ಐದೂ ಹಿಂಡಿಯೇ ಗೆದ್ದರೂ 32ರಲ್ಲಿ ಒಂದಕ್ಕಿಂತ ಗಟ್ಟಿ ಮಾತು ನಿನಗೆ ಸಿಗುವುದಿಲ್ಲ. ಎಂಟು ಜೋಡಿ ಆದರೆ 256. ನಾನಾದರೆ ಎಂಟಕ್ಕಿಂತ ಕಡಿಮೆ ಮಾಡುವುದಿಲ್ಲ.

ಸಕಲೇಶಪುರ ಬೆಳೆಗಾರ

ಅಕ್ಕಪಕ್ಕದ ಗಿಡ ಅಂದಿರಲ್ಲ ಮೇಡಂ, ಅಲ್ಲೇ ನನ್ನ ತಕರಾರು. ಬೇರು ಒಂದು ಗಿಡದ ಬುಡದಿಂದ ಇನ್ನೊಂದರ ಬುಡಕ್ಕೆ ಹೋಗಿರುತ್ತದೆ. ಇವಳು ಈ ಗಿಡಕ್ಕೆ ಹಾಕಿದ ಹಿಂಡಿಯನ್ನು ಪಕ್ಕದ್ದೂ ತಿನ್ನುತ್ತದೆ. ಆಗ ಎರಡೂ ಚೆನ್ನಾಗಿ ಬಿಟ್ಟು, ವ್ಯತ್ಯಾಸವೇ ಇಲ್ಲ, ಹಿಂಡಿ ದಂಡ ಅನ್ನುತ್ತೀರಿ.

ಬೇಲೂರಿನವಳು

ಸರಿಯಾದ ತಕರಾರು. ನಡುವೆ ಒಂದು ಗಿಡ ಬಿಟ್ಟು ಜೋಡಿ ಮಾಡಬಹುದು. ತೀರಾ ದೂರ ಹೋದರೆ ಮಣ್ಣು ಬದಲಾಗುತ್ತದೆ.

ಸಕಲೇಶಪುರ ಬೆಳೆಗಾರ

ಒಂದು ಸಾಲದು, ಎರಡು ಬಿಡಬೇಕು ಅನ್ನುತ್ತೇನೆ ನಾನು. ಇಳಿಜಾರಿನಲ್ಲಿ ಮೇಲೆ ಕೆಳಗೆ ಜೋಡಿ ಮಾಡಲೇಬಾರದು, ಮಳೆಗೆ ಹಿಂಡಿ ಇಳಿದುಬಿಡುತ್ತದೆ. ಒಂದೇ ಮಟ್ಟದಲ್ಲಿರಲಿ.

ಡೈರಿ ಶಿವು, ಚನ್ನರಾಯಪಟ್ಟಣ

ಮೇಡಂ, ಎರಡು ಬಾಟಲಿ ಮಾಡಿದೆ ನಾಲ್ಕು ದಿನ. 3.9 ಮತ್ತು 3.9, 4.1 ಮತ್ತು 4.0, 3.7 ಮತ್ತು 3.7, ಇವತ್ತು 4.2 ಮತ್ತು 4.2. ಇದರ ಅರ್ಥ ಏನು, ಹಸುವೇ ಕಳ್ಳಿಯಾ?

ಬೇಲೂರಿನವಳು

ಇನ್ನೂ ನಾಲ್ಕು ದಿನ ಮಾಡಿ ಶಿವು ಅಣ್ಣ. ಸದ್ಯಕ್ಕೆ ಮೆಷಿನ್ ಮೇಲೆ ಅನುಮಾನ ಕಡಿಮೆ. ಎಷ್ಟು ಹೊತ್ತಿಗೆ ಕರೆದಿರಿ, ಎಷ್ಟು ಲೀಟರ್ ಬಂತು, ಅದನ್ನೂ ಪಕ್ಕದ ಕಾಲಂನಲ್ಲಿ ಬರೆಯಿರಿ.

ತೋಟದ ಹುಡುಗಿ, ಆಲ್ದೂರು

ಅಪ್ಪನಿಗೆ ಎಲ್ಲ ಹೇಳಿದೆ. ನಾಣ್ಯ ಹಾರಿಸಿ ಗೊಬ್ಬರ ಹಾಕುವುದಾ ಅಂತ ಜೋರಾಗಿ ನಕ್ಕರು. ಅಡಿಕೆ ಡಬ್ಬಿ ತಂದು ಎದುರಿಗೇ ಕುಲುಕಿ ತೋರಿಸಿದೆ. ಎರಡನೇ ಸಲಕ್ಕೇ 400 ಬಂತು, ಆಗ ನಗು ನಿಂತಿತು. ಇಡೀ ತೋಟಕ್ಕೆ ಬೇಡ, ಈ ಸಲ ನಾಲ್ಕು ಮೂಟೆ ಸಾಕು ಅಂದಿದ್ದಾರೆ. ಎಂಟು ಜೋಡಿ ಗುರುತು ಮಾಡಲು ನಾಳೆ ಹೋಗುತ್ತೇವೆ. ಒಂದು ಗಿಡ ಬಿಡುವುದೋ ಎರಡೋ ಅನ್ನುವುದನ್ನು ನೀವಿಬ್ಬರೂ ತೀರ್ಮಾನ ಮಾಡಿ ಹೇಳಿ.

ಸಕಲೇಶಪುರ ಬೆಳೆಗಾರ

ಎರಡು. ಮತ್ತೆ ಕಾಂಡಕ್ಕೆ ಬಣ್ಣ ಹಚ್ಚಿ ಗುರುತು ಮಾಡಮ್ಮ, ಚೀಟಿ ಕಟ್ಟಿದರೆ ಜುಲೈ ಮಳೆಗೆ ಒಂದೂ ಉಳಿಯುವುದಿಲ್ಲ. ಕುಯ್ಯುವವರಿಗೆ ಯಾವ ಬಣ್ಣಕ್ಕೆ ಹಿಂಡಿ ಅಂತ ಮಾತ್ರ ಹೇಳಬೇಡ.

ಬೇಲೂರಿನವಳು

ಬಣ್ಣದ ಮಾತು ಒಪ್ಪಿದೆ. ತೂಗುವವರಿಗೂ ಹೇಳಬೇಡ. ಗಿಡ ಬಿಡುವುದು ಒಂದೇ ಸಾಕು ಅಂತ ನಾನು ಈಗಲೂ ಅನ್ನುತ್ತೇನೆ.